ಕೋಡುಬಳೆ ಹೊಸೆಯುವವರ ಲೆಕ್ಕ

ನನ್ನ ಬಾಯಿಗೆ ಬೀಗ ಇಲ್ಲ ಅಂತ ಮೊದಲು ನಮ್ಮಮ್ಮ ಹೇಳ್ತಿದ್ದಳು, ಆಮೇಲೆ ಗಂಡ ಹೇಳಿದರು. ಈಗ ಹೇಳೋರಿಲ್ಲದೆ ನಾನೇ ಹೇಳಿಕೊಳ್ಳುತ್ತೇನೆ. ಕೇಳಿದ್ದಕ್ಕೆ ಉತ್ತರ ಕೊಟ್ಟು ಸುಮ್ಮನಾಗೋದು ನನ್ನ ಜಾಯಮಾನದಲ್ಲೇ ಇಲ್ಲ. ಕೇಳದೇ ಇದ್ದದ್ದನ್ನೂ ಒಂದು ಸಾಲು ಸೇರಿಸಿಯೇ ಬಿಡೋದು. ಕಾಸ್ಟ್ ಅಕೌಂಟೆಂಟ್ ಕೆಲಸಕ್ಕೆ ಈ ಗುಣ ಒಳ್ಳೇದು ಅಂತ ಇಪ್ಪತ್ತೈದು ವರ್ಷ ನಂಬಿಕೊಂಡಿದ್ದೆ.

ನಾನು ಲೆಕ್ಕ ನೋಡುತ್ತಿದ್ದದ್ದು ಒಂದು ಕುರುಕಲು ತಿಂಡಿ ಕಂಪನಿಗೆ. ಕಂಪನಿ ಅಂದರೆ ದೊಡ್ಡದೇನಲ್ಲ. ಜಯನಗರ, ಬನಶಂಕರಿ, ಗಿರಿನಗರದಲ್ಲಿ ಮೂರು ಕಾಂಡಿಮೆಂಟ್ಸ್ ಅಂಗಡಿ, ಅವಕ್ಕೆಲ್ಲ ಸೇರಿ ಚಿಕ್ಕಲಸಂದ್ರದಲ್ಲಿ ಒಂದು ಅಡುಗೆಮನೆ. ಕೆಳಗೆ ಬಾಣಲೆಗಳು, ಗ್ಯಾಸು, ಚಕ್ಕುಲಿ ನಿಪ್ಪಟ್ಟು ಕರಿಯೋ ಗಂಡಸರು. ಮೇಲಿನ ಹಾಲ್‌ನಲ್ಲಿ ಐದು ಜನ ಹೆಂಗಸರು ಚಾಪೆ ಹಾಸಿಕೊಂಡು ಕೂತು ದಿನವಿಡೀ ಕೋಡುಬಳೆ ಹೊಸೆಯೋರು. ಹೊಸೆದದ್ದು ತಟ್ಟೆ ತಟ್ಟೆಯಾಗಿ ಕೆಳಗಿಳಿದು ಎಣ್ಣೆಗೆ ಬೀಳೋದು. ಯಜಮಾನರು ದಾವಣಗೆರೆ ಕಡೆಯವರು. ಹಣೆ ತುಂಬ ವಿಭೂತಿ, ಬಾಯಿ ತುಂಬ ನಗು. ಕೆಟ್ಟವರಲ್ಲ, ಈ ಮಾತನ್ನ ಮೊದಲೇ ಹೇಳಿಬಿಡ್ತೀನಿ. ಕೆಟ್ಟವರಾಗಿದ್ದಿದ್ದರೆ ನನಗೆ ಬೈಯೋದಕ್ಕಾದರೂ ಯಾರಾದರೂ ಸಿಗೋರು.

ಆ ಐದು ಜನರಲ್ಲಿ ಹಿರಿಯಳನ್ನ ಎಲ್ಲರೂ ದೊಡ್ಡಕ್ಕ ಅಂತಿದ್ದರು. ಹತ್ತೊಂಬತ್ತು ವರ್ಷದ ಸರ್ವೀಸು. ಅಂಗಡಿ ಒಂದೇ ಇದ್ದಾಗಿಂದ ಇದ್ದವಳು. ಹೊಸೆಯುವಾಗ ಕೈ ನೋಡುತ್ತಲೇ ಇರಲಿಲ್ಲ. ಅಂಗೈ ಒಂದು ಸಲ ಹಿಂದೆ ಒಂದು ಸಲ ಮುಂದೆ, ತುದಿ ಎರಡನ್ನೂ ಸೇರಿಸಿ ಒತ್ತಿದಳು ಅಂದರೆ ಕೋಡುಬಳೆ ಆಯ್ತು. ನಾನು ಒಂದು ಸಲ ಪ್ರಯತ್ನಪಟ್ಟಾಗ ಅದು ಒಂದು ಕಡೆ ಹಾವಿನ ತಲೆ, ಒಂದು ಕಡೆ ಬಾಲ ಆಗಿತ್ತು. "ಮೇಡಂ, ನೀವು ಲೆಕ್ಕಾನೇ ಬರೀರಿ" ಅಂದಳು, ಎಲ್ಲರೂ ಬಿದ್ದು ಬಿದ್ದು ನಕ್ಕರು. ದೊಡ್ಡಕ್ಕನಿಗೆ ಗಂಡ ಇಲ್ಲ, ಮಗಳ ಬಾಣಂತನಕ್ಕೆ ಮಾಡಿದ ಸಾಲ ಇನ್ನೂ ತೀರಿರಲಿಲ್ಲ. ಐವತ್ತೆರಡು ವಯಸ್ಸಿಗೆ ಇನ್ನೆಲ್ಲೂ ಕೆಲಸ ಸಿಗಲ್ಲ ಅನ್ನೋದು ಅವಳಿಗೂ ಗೊತ್ತಿತ್ತು.

ಒಂದು ದಿನ ಯಜಮಾನರು ಒಂದು ಪ್ಯಾಕೆಟ್ ತಂದು ನನ್ನ ಮೇಜಿನ ಮೇಲಿಟ್ಟರು. ಮಾಗಡಿ ರಸ್ತೆ ಕಡೆ ಯಾರೋ ಮೆಷಿನ್ ಹಾಕಿ ಕೋಡುಬಳೆ ಮಾಡ್ತಾರಂತೆ, ಕೆಜಿಗೆ ಇನ್ನೂರ ಇಪ್ಪತ್ತೈದಕ್ಕೆ ಬಾಗಿಲಿಗೆ ತಂದು ಕೊಡ್ತಾರಂತೆ. "ನಮಗೆ ಎಷ್ಟು ಬೀಳ್ತಿದೆ ಮೇಡಂ?" ಅಂದರು.

ಕೆಜಿಗೆಷ್ಟು ಖರ್ಚು ಅಂತ ಬರೆದಿಟ್ಟ ಶೀಟು ತೆಗೆದು ನೋಡಿದೆ. ಇನ್ನೂರ ಐವತ್ತು. ಶೀಟು ನಾನೇ ಮಾಡಿದ್ದು, ವರ್ಷಗಳಿಂದ ಹಾಗೇ ನಡೆದುಕೊಂಡು ಬಂದಿತ್ತು.

"ಹಂಗಾದ್ರೆ ಕೆಜಿಗೆ ಇಪ್ಪತ್ತೈದು ರೂಪಾಯಿ ನಷ್ಟ ಮಾಡ್ಕೊಂಡು ನಾವ್ಯಾಕೆ ಮಾಡ್ಬೇಕು? ತಿಂಗಳಿಗೆ ಒಂದು ಟನ್ನು. ಇಪ್ಪತ್ತೈದು ಸಾವಿರ ಸುಮ್ನೆ ಹೋಗ್ತಿದೆ. ಮೇಲಿನ ಹಾಲ್ ಮುಚ್ಚಿಬಿಡೋಣ."

ಎರಡು ದಿನ ಟೈಮ್ ಕೊಡಿ ಸಾರ್ ಅಂದೆ. ಮನೆಗೆ ಬಂದು ಅದೇ ಶೀಟು ಹರಡಿಕೊಂಡು ಕೂತಾಗ ನನಗೇ ನಾಚಿಕೆಯಾಯ್ತು. ಓದುವಾಗ ಮೊದಲ ವರ್ಷದಲ್ಲೇ ಕಲಿಸಿದ ಪಾಠ. ನಾವೇ ಮಾಡಬೇಕೋ ಹೊರಗಿಂದ ಕೊಳ್ಳಬೇಕೋ ಅಂತ ನೋಡುವಾಗ ಒಟ್ಟು ವೆಚ್ಚ ನೋಡಬಾರದು. ಮಾಡೋದನ್ನ ನಿಲ್ಲಿಸಿದರೆ ಯಾವ ಖರ್ಚು ನಿಜವಾಗಿ ನಿಲ್ಲುತ್ತೆ, ಅದನ್ನ ಮಾತ್ರ ನೋಡಬೇಕು. ನಿಲ್ಲಿಸಿದರೂ ನಿಲ್ಲಿಸದಿದ್ದರೂ ಆಗೋ ಖರ್ಚು ಎರಡು ಕಡೆಯೂ ಒಂದೇ, ಅದನ್ನ ತಂದು ಒಂದು ಕಡೆ ಹೊರಿಸಿದರೆ ಲೆಕ್ಕ ಸುಳ್ಳಾಗುತ್ತೆ.

ಅಕ್ಕಿಹಿಟ್ಟು, ರವೆ, ಕಾಯಿ, ಖಾರ, ಎಣ್ಣೆ ಸೇರಿ ಕೆಜಿಗೆ ನೂರ ಹದಿನೆಂಟು. ಗ್ಯಾಸು ಹದಿನಾಲ್ಕು. ಐದು ಜನರ ಸಂಬಳ ತಲಾ ಹದಿನಾಲ್ಕು ಸಾವಿರ, ಕೆಜಿಗೆ ಎಪ್ಪತ್ತು. ಮಾಡೋದು ನಿಲ್ಲಿಸಿದರೆ ಈ ಮೂರೂ ನಿಲ್ಲುತ್ತವೆ. ಒಟ್ಟು ಇನ್ನೂರ ಎರಡು. ಉಳಿದ ನಲವತ್ತೆಂಟು ಏನು? ಹದಿನಾರು ರೂಪಾಯಿ ನನ್ನ ಸಂಬಳ, ಮ್ಯಾನೇಜರ್ ಸಂಬಳ, ಹಳೇ ಸಾಮಾನಿನ ಸವಕಳಿ, ಇವುಗಳ ಪಾಲು. ಮೂವತ್ತೆರಡು ರೂಪಾಯಿ ಮೇಲಿನ ಹಾಲ್‌ನ ಬಾಡಿಗೆ, ಚದರಡಿ ಲೆಕ್ಕದಲ್ಲಿ ನಾನೇ ಹಂಚಿದ್ದು. ಆ ಕಟ್ಟಡ ಯಾರದ್ದು? ಯಜಮಾನರ ಹೆಂಡತಿ ಹೆಸರಲ್ಲಿದೆ. ಕಂಪನಿ ಪ್ರತಿ ತಿಂಗಳು ಆ ಅಮ್ಮನಿಗೆ ಬಾಡಿಗೆ ಕೊಡುತ್ತೆ, ತೆರಿಗೆಗೆ ಅನುಕೂಲ ಅಂತ. ಹೆಂಗಸರು ಹೋದರೆ ಆ ಬಾಡಿಗೆ ನಿಲ್ಲುತ್ತಾ? ಗಂಡ ಹೆಂಡತಿ ಜಗಳ ಆಡಿದರೂ ನಿಲ್ಲಲ್ಲ.

ಅಯ್ಯೋ ಶಿವನೇ, ಇಷ್ಟು ವರ್ಷ ಆ ಹೆಂಗಸರ ತಲೆ ಮೇಲೆ ಅವರದ್ದಲ್ಲದ ನಲವತ್ತೆಂಟು ರೂಪಾಯಿ ಹೊರಿಸಿ ಕೂತಿದ್ದೆ ನಾನು.

ಮೂರನೇ ದಿನ ಯಜಮಾನರ ಎದುರು ಕೂತು ಎಲ್ಲ ಬಿಡಿಸಿ ಹೇಳಿದೆ. "ಸಾರ್, ಹೊರಗಿಂದ ತಂದರೆ ಇನ್ನೂರ ಇಪ್ಪತ್ತೈದು ಕೊಡ್ತೀರಿ, ಉಳಿಯೋದು ಇನ್ನೂರ ಎರಡೇ. ತಿಂಗಳಿಗೆ ಇಪ್ಪತ್ತೈದು ಸಾವಿರ ಲಾಭ ಅಲ್ಲ, ಇಪ್ಪತ್ಮೂರು ಸಾವಿರ ನಷ್ಟ." ಅವರು ಹಣೆ ಉಜ್ಜಿಕೊಂಡರು. ಮತ್ತೆ ಕೇಳಿದರು, ಮತ್ತೆ ಹೇಳಿದೆ. "ಅಲ್ಲ ಮೇಡಂ, ಬಾಡಿಗೆ ಖರ್ಚೇ ಅಲ್ವಾ ಹಂಗಾದ್ರೆ?" ಅಂದರು. ಖರ್ಚೇ, ಆದರೆ ಈ ತೀರ್ಮಾನದ ಖರ್ಚಲ್ಲ ಅಂದೆ. ಹಾಲ್ ಖಾಲಿ ಬಿಟ್ಟರೆ ಒಂದು ರೂಪಾಯಿ ಉಳಿಯಲ್ಲ ಅಂದೆ. ಅವರಿಗೆ ಅರ್ಥವಾಯ್ತು. ಮುಖ ಅರಳಿತು. "ಸಖತ್ ಲೆಕ್ಕ ಮೇಡಂ" ಅಂದರು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಫೈಲು ಮುಚ್ಚಿ ಎದ್ದು ಬರಬೇಕಿತ್ತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ಸುಮ್ಮನೆ ಹೇಳಿಲ್ಲ ಹಿರಿಯರು. ಸಖತ್ ಅಂದರಲ್ಲ, ಆ ಹೊಗಳಿಕೆಗೆ ಉಬ್ಬಿಹೋಗಿ, ಪಾಠ ಪೂರ್ತಿ ಹೇಳಬೇಕು ಅನ್ನೋ ಮೇಷ್ಟರಿಕೆಯಲ್ಲಿ, ಕೇಳದೇ ಇದ್ದ ಒಂದು ಸಾಲು ಸೇರಿಸಿದೆ. "ಆ ಹಾಲನ್ನ ಬೇರೆಯವರು ಬಾಡಿಗೆಗೆ ಕೇಳಿದ್ರೆ ಮಾತು ಬೇರೆ ಸಾರ್. ಆಗ ಆ ಬಾಡಿಗೆ ನಾವು ಕಳ್ಕೊಳ್ತಿರೋ ಆದಾಯ, ಅದನ್ನ ಮಾಡೋ ಕಡೆಗೆ ಸೇರಿಸ್ಬೇಕಾಗುತ್ತೆ."

"ಓಹೋ" ಅಂದರು ಅವರು. ಅಷ್ಟೇ ಅಂದರು.

ಹೊರಗೆ ಬಂದರೆ ದೊಡ್ಡಕ್ಕ ಮೆಟ್ಟಿಲ ಹತ್ತಿರ ಕಾಯ್ತಿದ್ದಳು. ಹಾಲ್ ಮುಚ್ಚುತ್ತಾರಂತೆ ಅಂತ ಆಗಲೇ ಸುದ್ದಿ ಹಬ್ಬಿತ್ತು. ಏನೂ ಆಗಲ್ಲ ಹೋಗಿ ಅಕ್ಕಾ, ಲೆಕ್ಕ ನಿಮ್ಮ ಕಡೆಗಿದೆ ಅಂದೆ. ಅವಳು ನನ್ನ ಎರಡು ಕೈ ಹಿಡಿದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಕೈಯಿಂದ ಇಂಗು, ಖಾರದ ವಾಸನೆ ಬಂತು. ನನಗೆ ಎಷ್ಟು ಹೆಮ್ಮೆ ಆಗಿತ್ತು ಅಂದರೆ, ಮನೆಗೆ ಬರೋ ದಾರಿಯಲ್ಲಿ ಹೂ ಕೊಂಡು ತಂದೆ.

ಒಂದೂವರೆ ತಿಂಗಳು ಕಳೆದಿರಬಹುದು. ಯಜಮಾನರು ಇಬ್ಬರು ಹುಡುಗರನ್ನ ಕರೆದುಕೊಂಡು ಬಂದು ಮೇಲಿನ ಹಾಲ್ ತೋರಿಸಿದರು. ಫೋನಿನಲ್ಲಿ ಆರ್ಡರ್ ತಗೊಂಡು ಊಟ ಕಳಿಸೋ ಕಿಚನ್ ಅಂತೆ. ಬಿಟಿಎಂ ಲೇಔಟಿನಲ್ಲಿ ಒಂದು ಇದೆ, ಈ ಕಡೆಗೂ ಒಂದು ಬೇಕಂತೆ. ಬಾಡಿಗೆ ನಲವತ್ತು ಸಾವಿರ ಕಂಪನಿಗೆ ಕೊಡೋದಕ್ಕೆ ರೆಡಿ. ಅವರು ಹೋದ ಮೇಲೆ ಯಜಮಾನರು ನನ್ನ ಮೇಜಿನ ಹತ್ತಿರ ಬಂದು, ಒಂದಿಷ್ಟೂ ಕೊಂಕಿಲ್ಲದೆ, ಕಲಿತ ಪಾಠ ಒಪ್ಪಿಸೋ ಥರ ಹೇಳಿದರು. "ಮೇಡಂ, ಈಗ ಆ ಲೆಕ್ಕ ಇನ್ನೊಂದು ಸಲ ಹಾಕಿ. ನೀವು ಹೇಳಿದ್ರಲ್ಲ, ಮಾತು ಬೇರೆ ಅಂತ."

ಹಾಕೋದಕ್ಕೇನಿದೆ? ನಲವತ್ತು ಸಾವಿರವನ್ನ ಒಂದು ಸಾವಿರ ಕೆಜಿಗೆ ಹಂಚಿದರೆ ನಲವತ್ತು. ಇನ್ನೂರ ಎರಡಕ್ಕೆ ಸೇರಿಸಿದರೆ ಇನ್ನೂರ ನಲವತ್ತೆರಡು. ಕೊಂಡರೆ ಇನ್ನೂರ ಇಪ್ಪತ್ತೈದು. ಕೊಳ್ಳೋದರಿಂದ ತಿಂಗಳಿಗೆ ಹದಿನೇಳು ಸಾವಿರ ಲಾಭ. ಈ ಸಲ ಲೆಕ್ಕದಲ್ಲಿ ತಪ್ಪಿರಲಿಲ್ಲ. ಹುಡುಕಿದೆ, ನಿಜವಾಗಿ ಹುಡುಕಿದೆ. ಮುಚ್ಚೋದಕ್ಕೂ ಖರ್ಚಿದೆಯಲ್ಲ. ತೆಗೆದುಹಾಕಿದರೆ ವರ್ಷಕ್ಕೆ ಹದಿನೈದು ದಿನದ ಸಂಬಳದ ಹಾಗೆ ಪರಿಹಾರ ಕೊಡಬೇಕು. ಐದು ಜನರದ್ದೂ ಸೇರಿ ನಲವತ್ತೆರಡು ವರ್ಷದ ಸರ್ವೀಸು, ಹತ್ತಿರ ಹತ್ತಿರ ಮೂರು ಲಕ್ಷದ ನಲವತ್ತು ಸಾವಿರ. ಗ್ರಾಚುಯಿಟಿ ಬೇರೆ, ಆದರೆ ಅದು ಐದು ವರ್ಷ ದಾಟಿದವರಿಗೆ ಇವತ್ತಲ್ಲ ನಾಳೆ ಕೊಡಲೇಬೇಕಾದ್ದು, ಈ ತೀರ್ಮಾನಕ್ಕೆ ಸೇರಲ್ಲ. ಪರಿಹಾರದ ದುಡ್ಡು ಇಪ್ಪತ್ತು ತಿಂಗಳಲ್ಲಿ ವಾಪಸ್ ಬರುತ್ತೆ. ಆಮೇಲೆ ಎಲ್ಲ ಲಾಭ. "ಇಪ್ಪತ್ತು ತಿಂಗಳು ತಾನೇ" ಅಂದರು ಯಜಮಾನರು.

ರುಚಿ ಅಂತ ಒಂದಿದೆ ಸಾರ್, ಕೈಯಲ್ಲಿ ಹೊಸೆದದ್ದನ್ನ ಕೇಳಿಕೊಂಡು ಬರೋ ಗಿರಾಕಿಗಳು ಬಿಟ್ಟು ಹೋದರೆ ಅದೂ ನಷ್ಟವೇ ಅಂತ ವಾದ ಹಾಕಿದೆ. ಸರಿ ನೋಡೇಬಿಡೋಣ ಅಂತ ಅವರು ಗಿರಿನಗರದ ಅಂಗಡಿಯಲ್ಲಿ ಎರಡು ವಾರ ಮೆಷಿನ್ ಕೋಡುಬಳೆ ಇಟ್ಟರು. ಅದು ನಮ್ಮ ಮನೆ ಹತ್ತಿರದ ಅಂಗಡಿ. ದಿನಾ ಸಂಜೆ ಹೋಗಿ ನಿಂತೆ, ಯಾರಾದರೂ ಬೈಯಲಿ ಅಂತ. ನಮ್ಮ ರಸ್ತೆಯ ರಿಟೈರ್ಡ್ ಮೇಷ್ಟರೊಬ್ಬರು ಬಂದು, "ಈ ಸಲದ ಕೋಡುಬಳೆ ಎಲ್ಲ ಒಂದೇ ಸಮ ಇದೆಯಲ್ಲಮ್ಮ, ಭೇಷ್!" ಅಂದು ಅರ್ಧ ಕೆಜಿ ಹೆಚ್ಚಿಗೆ ಕಟ್ಟಿಸಿಕೊಂಡರು. ನನಗೆ ಹೊಟ್ಟೆ ಉರಿದುಹೋಯ್ತು.

ಕಡೇದಾಗಿ ಒಂದು ಉಪಾಯ ಹೊಳೀತು. ಬಾಡಿಗೆ ಬರಬೇಕು ಅಂದರೆ ಹಾಲ್ ಖಾಲಿಯಾಗಬೇಕು, ಹೆಂಗಸರು ಹೋಗಬೇಕು ಅಂತೇನಿಲ್ಲವಲ್ಲ! ಕೆಳಗೇ ಕೂರಿಸಿದರೆ? ಟೇಪು ತಗೊಂಡು ಹೋಗಿ ಅಡುಗೆಮನೆ ಅಳೆದೆ. ಬಾಣಲೆಗಳ ಸಾಲು ಬಿಟ್ಟು, ಹಿಟ್ಟಿನ ಮೂಟೆ ಬಿಟ್ಟು, ಓಡಾಡೋ ದಾರಿ ಬಿಟ್ಟು, ಹಿಂದಿನ ಗೋಡೆ ಪಕ್ಕ ಒಂದು ಮೂಲೆ ಸಿಕ್ಕಿತು. ಮೂರನೆಯವಳು ಕೂತರೆ ಬಿಸಿ ಎಣ್ಣೆ ಹೊತ್ತವನು ಅವಳನ್ನ ದಾಟಿಕೊಂಡು ಹೋಗಬೇಕು. ಎಷ್ಟು ಸಲ ಅಳೆದರೂ ಇಬ್ಬರಿಗೇ ಜಾಗ.

ಇಬ್ಬರಾದರೂ ಉಳಿಯಲಿ ಅಂತ ಆ ಲೆಕ್ಕವನ್ನೂ ಹಾಕಿ ಯಜಮಾನರ ಮುಂದಿಟ್ಟೆ. ಇಬ್ಬರು ತಿಂಗಳಿಗೆ ನಾನೂರು ಕೆಜಿ ಹೊಸೀತಾರೆ, ಕೆಜಿಗೆ ಇಪ್ಪತ್ಮೂರು ರೂಪಾಯಿ ಹಾಗೆ ಉಳಿತಾಯ, ಒಂಬತ್ತು ಸಾವಿರ ಚಿಲ್ಲರೆ. ಜಯನಗರದ ಅಂಗಡಿಗೆ ಕೈಯದ್ದು, ಉಳಿದೆರಡಕ್ಕೆ ಮೆಷಿನ್ನಿಂದು. ಕೆಲಸದಿಂದ ತೆಗೆಯುವಾಗ ಕಡೇಗೆ ಸೇರಿದವರು ಮೊದಲು ಹೋಗಬೇಕು ಅನ್ನೋದು ನಿಯಮ. ಹಾಗಾಗಿ ಉಳಿಯೋರು ದೊಡ್ಡಕ್ಕ ಮತ್ತು ಹನ್ನೊಂದು ವರ್ಷದ ಸರ್ವೀಸಿನವಳು. ಹೋಗೋ ಮೂವರದ್ದು ಸೇರಿ ಹನ್ನೆರಡೇ ವರ್ಷ, ಪರಿಹಾರ ಮೂರು ಲಕ್ಷದ ನಲವತ್ತು ಸಾವಿರದಿಂದ ಒಂದು ಲಕ್ಷದೊಳಗೆ ಇಳಿಯುತ್ತೆ. ಯಜಮಾನರು ಕೊನೇ ಅಂಕಿ ನೋಡಿ ಕೂಡಲೇ ಒಪ್ಪಿದರು. ಆಗ ಅವರ ಕಣ್ಣು ಆ ಪರಿಹಾರದ ಅಂಕಿ ಮೇಲೇ ನಿಂತದ್ದಕ್ಕೆ ನಾನು ಅರ್ಥ ಹುಡುಕಲಿಲ್ಲ. ಇಬ್ಬರನ್ನ ಉಳಿಸಿದೆ ಅನ್ನೋ ಗುಂಗಿನಲ್ಲಿದ್ದೆ.

ಮೇಲೆ ಹೋಗಿ ನಾನೇ ಹೇಳಿದೆ. ಹೇಳೋ ಧೈರ್ಯ ಯಜಮಾನರಿಗೆ ಇರಲಿಲ್ಲ. ಐದೂ ಜನ ಕೈ ನಿಲ್ಲಿಸಿ ಕೇಳಿಸಿಕೊಂಡರು. ಕಡೇಗೆ ಸೇರಿದ್ದ ಹುಡುಗಿ, ಎರಡು ವರ್ಷದ ಸರ್ವೀಸಿನವಳು, ಸುಮ್ಮನೆ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಮತ್ತೆ ಕೂತು ಹೊಸೆಯೋದಕ್ಕೆ ಶುರು ಮಾಡಿದಳು. ದೊಡ್ಡಕ್ಕ ಮಾತ್ರ ನನ್ನ ಮುಖ ನೋಡಿದಳು. "ಲೆಕ್ಕ ನಮ್ಮ ಕಡೆಗಿದೆ ಅಂದಿದ್ರಿ" ಅಂದಳು. ಇತ್ತು ಅಕ್ಕಾ, ಈಗ ಇಲ್ಲ ಅಂದೆ. ಬೇರೆ ಏನು ಹೇಳಲಿ? ಬಾಡಿಗೆಯ ಮಾತು ಮೊದಲು ಬಾಯಿಬಿಟ್ಟವಳು ನಾನೇ ಅಂತ ಹೇಳೋದಕ್ಕೆ ನಾಲಿಗೆ ಏಳಲಿಲ್ಲ. ಬೇಕಾದ ಕಡೆಯೇ ನನ್ನ ಬಾಯಿಗೆ ಬೀಗ ಬೀಳುತ್ತೆ.

ಮೂವರು ಚೆಕ್ಕು ತಗೊಂಡು ಹೋದರು. ಇಬ್ಬರು ಕೆಳಗಿನ ಮೂಲೆಗೆ ಬಂದರು. ಮೇಲೆ ಆ ಹುಡುಗರ ಕಿಚನ್ ಶುರುವಾಯ್ತು, ಬಾಗಿಲ ಮುಂದೆ ಹೊತ್ತು ಗೊತ್ತಿಲ್ಲದೆ ಬೈಕುಗಳು.

ನಾನು ಜಾಗ ಅಳೆದಿದ್ದೆ, ಹೊಗೆ ಅಳೆದಿರಲಿಲ್ಲ. ನಾಲ್ಕು ಬಾಣಲೆಗಳ ಕಾದ ಎಣ್ಣೆಯ ಹೊಗೆಯೆಲ್ಲ ಹಿಂದಿನ ಗೋಡೆಗೆ ಬಡಿದೇ ಹೊರಗೆ ಹೋಗಬೇಕಿತ್ತು. ಕರಿಯೋ ಗಂಡಸರು ಆಗಾಗ ಹೊರಗೆ ಹೋಗಿ ನಿಂತು ಬರೋರು, ಹೊಸೆಯೋರು ಎದ್ದರೆ ಹಿಟ್ಟು ಒಣಗುತ್ತೆ. ಎರಡನೇ ತಿಂಗಳಿಗೇ ದೊಡ್ಡಕ್ಕನಿಗೆ ಕೆಮ್ಮು ಹತ್ತಿತು. ಮೊದಲು ಧೂಳು ಅಂದಳು, ಆಮೇಲೆ ಚಳಿ ಅಂದಳು. ಫ್ಯಾನ್ ಹಾಕಿಸಿ ಅಂತ ನಾನು ಜಗಳ ಆಡಿದೆ, ಹಾಕಿಸಿದರು. ಗಾಳಿಗೆ ಬಾಣಲೆ ಕೆಳಗಿನ ಉರಿ ಆಡುತ್ತೆ ಅಂತ ಕರಿಯೋರು ಆಫ್ ಮಾಡೋರು. ಐದನೇ ತಿಂಗಳಿಗೆ ಅವಳು ಬಸ್‌ಸ್ಟಾಪಿನಿಂದ ನಡೆದು ಬರೋವಾಗ ಎರಡು ಕಡೆ ಕೂತು ಸುಧಾರಿಸಿಕೊಳ್ಳುತ್ತಿದ್ದಳು. ಆ ಹೊಗೆಯಿಂದ ದೂರ ಇರಬೇಕು, ಇಲ್ಲದಿದ್ದರೆ ಔಷಧಿ ಕೊಟ್ಟೂ ದಂಡ ಅಂದರಂತೆ ಡಾಕ್ಟರು.

ಒಂದು ಭಾನುವಾರ ಬೆಳಿಗ್ಗೆ ಗಿರಿನಗರದ ನಮ್ಮ ಮನೆಗೆ ಬಂದಳು. ಕಾಫಿ ಕೊಟ್ಟೆ. ಕುಡಿದು ಲೋಟ ತೊಳೆದಿಡೋದಕ್ಕೆ ಹೋದಳು, ಬೇಡ ಅಂದೆ. ಸೆರಗಿನೊಳಗಿಂದ ಒಂದು ಬಿಳಿ ಹಾಳೆ ತೆಗೆದಳು. "ಮೇಡಂ, ಕೆಲಸ ಬಿಡ್ತೀನಿ ಅಂತ ಒಂದು ಲೆಟರ್ ಬರ್ಕೊಡಿ. ಯಜಮಾನ್ರು ಬರವಣಿಗೇಲಿ ಕೊಡು ಅಂದ್ರು."

ಹಾಳೆ ಪಕ್ಕಕ್ಕೆ ಸರಿಸಿದೆ. "ಬೇಡ ಅಕ್ಕಾ, ನೀವಾಗೇ ಬಿಡ್ಬೇಡಿ. ನೀವಾಗೇ ಬಿಟ್ರೆ ಪರಿಹಾರ ಸಿಗಲ್ಲ. ಗ್ರಾಚುಯಿಟಿ ಮಾತ್ರ ಬರುತ್ತೆ. ಅವರೇ ತೆಗೀಲಿ."

"ಅವ್ರು ತೆಗೆಯೋವರ್ಗೂ ಉಸಿರು ಇರ್ಬೇಕಲ್ಲ ಮೇಡಂ" ಅಂದಳು. ಜಗಳದ ದನಿಯಲ್ಲಲ್ಲ.

ಒಂದು ದಿನ ತಡೀರಿ ಅಂತ ಅವಳನ್ನ ಕಳಿಸಿ, ಸೋಮವಾರ ಯಜಮಾನರ ಹತ್ತಿರ ಹೋದೆ. ನಾನು ಯಾರ ಹತ್ತಿರವೂ ಬೇಡಿದವಳಲ್ಲ, ಅವತ್ತು ಬೇಡಿದೆ. ಹತ್ತೊಂಬತ್ತು ವರ್ಷ ದುಡಿದವಳು ಸಾರ್, ಆ ಮೂವರ ಥರ ಇವಳನ್ನೂ ನೀವೇ ತೆಗೆದ ಹಾಗೆ ಮಾಡಿ, ಪರಿಹಾರ ಕೊಟ್ಟು ಕಳಿಸಿ ಅಂದೆ. ಅವರಿಗೂ ಬೇಜಾರಾಗಿತ್ತು, ಕಾಣ್ತಿತ್ತು. ಆಸ್ಪತ್ರೆಗೆ ಅಂತ ಹತ್ತು ಸಾವಿರ ಕೈಯಿಂದ ಕೊಡ್ತೀನಿ ಅಂದರು. ಆಮೇಲೆ ಅಂದರು: "ಆದ್ರೆ ಅವಳಾಗೇ ಬಿಡ್ತೀನಿ ಅಂತಿರೋವಾಗ ನಾನು ತೆಗೆದೆ ಅಂತ ಯಾಕೆ ಬರೀಲಿ ಮೇಡಂ? ನೀವೇ ಅಲ್ವಾ ಹೇಳಿದ್ದು, ಯಾವ ಖರ್ಚು ತಪ್ಪಿಸಬಹುದೋ ಅದನ್ನ ನೋಡಿ ಅಂತ. ಇದು ತಪ್ಪುತ್ತಲ್ಲ."

ಇಪ್ಪತ್ತೈದು ವರ್ಷ ಲೆಕ್ಕ ಹಾಕಿ, ವಾದ ಮಾಡಿ ಬದುಕಿದವಳು ಬಾಯಿ ಮುಚ್ಚಿಕೊಂಡು ಎದ್ದು ಬಂದೆ. ಕೆಲಸ ಬಿಡಬೇಕು ಅನ್ನಿಸಿತು, ಬಿಡಲಿಲ್ಲ. ನನಗೂ ಮನೆ ನಡೀಬೇಕಿತ್ತು.

ಸಂಜೆ ದೊಡ್ಡಕ್ಕ ಮತ್ತೆ ಬಂದಳು. ಹೋದ ಕೆಲಸ ಆಗಲಿಲ್ಲ ಅಂತ ನನ್ನ ಮುಖ ನೋಡಿಯೇ ತಿಳಿದಿರಬೇಕು, ಕೇಳಲಿಲ್ಲ. ಊಟದ ಮೇಜಿನ ಮೇಲೆ ಅದೇ ಬಿಳಿ ಹಾಳೆ ಹರಡಿಕೊಂಡು ಬರೆದೆ. ಆರೋಗ್ಯದ ಕಾರಣದಿಂದ ಸ್ವಇಚ್ಛೆಯಿಂದ ಕೆಲಸಕ್ಕೆ ರಾಜೀನಾಮೆ ಕೊಡುತ್ತಿದ್ದೇನೆ. ಸ್ವಇಚ್ಛೆ ಅನ್ನೋ ಪದ ಬರೆಯುವಾಗ ಕೈ ನಿಂತಿತು, ಬರೆಯದೇ ಬಿಟ್ಟರೆ ಗ್ರಾಚುಯಿಟಿ ತಡ ಮಾಡಿಬಿಟ್ಟಾರು ಅಂತ ಬರೆದೆ. ಓದಿ ಹೇಳಿದೆ. ಅವಳು ಮಧ್ಯೆ ಎರಡು ಸಲ ಕೆಮ್ಮಿದಳು. ನಾನು ಕಾದು ಮುಂದೆ ಓದಿದೆ.

ಪೂರ್ತಿ ಕೇಳಿಸಿಕೊಂಡ ಮೇಲೆ ಕೇಳಿದಳು. "ಮೇಡಂ, ಆವತ್ತು ಆ ಮೂವರ ಜೊತೆ ನಾನೂ ಹೋಗಿದ್ದಿದ್ರೆ, ನಂಗೆ ಎಷ್ಟು ಬರ್ತಿತ್ತು?"

ಗೊತ್ತಿಲ್ಲ ಅನ್ನಬಹುದಿತ್ತು. ಆದರೆ ಅವಳಿಗೂ ಸುಳ್ಳು ಹೇಳಿದರೆ ನನ್ನದು ಅಂತ ಇನ್ನೇನು ಉಳಿಯುತ್ತೆ?

"ಒಂದೂವರೆ ಲಕ್ಷ ಅಕ್ಕಾ. ಗ್ರಾಚುಯಿಟಿ ಬಿಟ್ಟು."

"ಹಂಗಾದ್ರೆ ನೀವು ನನ್ನ ಉಳಿಸ್ದೇ ಇದ್ದಿದ್ರೆ" ಅಂದಳು, ಅಂದು ನಿಲ್ಲಿಸಿದಳು. ನನ್ನ ಕಣ್ಣಲ್ಲಿ ನೀರು ಬಂದಿದ್ದನ್ನ ನೋಡಿ ನಿಲ್ಲಿಸಿದಳೋ ಏನೋ. ಆಮೇಲೆ ಪೆನ್ನು ತಗೊಂಡು, "ಸೈನು ಎಲ್ಲಿ ಹಾಕ್ಲಿ, ತೋರ್ಸಿ" ಅಂದಳು.

ತೋರಿಸಿದೆ.